ಗೋಡೆಯ ಒದ್ದೆಯೂ ಅತ್ತೆಯವರ ಮೊಣಕಾಲೂ: ಬಡಾವಣೆಯ ಗುಂಪಿನಲ್ಲಿ ಹೇಗೆ ಕೇಳಬೇಕು?

ಪ್ರಶ್ನೆ: ನಾವು ಕಲಬುರಗಿಯ ಸೇಡಂ ರಸ್ತೆಯ ಬಡಾವಣೆಯೊಂದಕ್ಕೆ ಬಂದು ಆರು ತಿಂಗಳಾಯಿತು. ಸ್ನಾನದ ಮನೆಗೆ ಹೊಂದಿಕೊಂಡ ಕೋಣೆಯ ಗೋಡೆ ಒದ್ದೆಯಾಗಿ ಬಣ್ಣ ಉಬ್ಬಿ ಬರುತ್ತಿದೆ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ “ಒಳ್ಳೆ ಪ್ಲಂಬರ್ ಇದ್ರೆ ನಂಬರ್ ಕಳಿಸ್ರಿ” ಎಂದು ಹಾಕಿದೆ. ನಾಲ್ಕು ನಂಬರ್ ಬಂದವು. ಇಬ್ಬರು ಫೋನ್ ಎತ್ತಲಿಲ್ಲ, ಒಬ್ಬರು ಬರುತ್ತೇನೆಂದು ಬರಲಿಲ್ಲ, ಬಂದವರು ಗೋಡೆಯ ಟೈಲ್ಸ್ ಪೂರ್ತಿ ಒಡೆಯಬೇಕು ಎಂದರು. ಈಗ ಅತ್ತೆಯವರ ಮೊಣಕಾಲಿಗೆ ಡಾಕ್ಟರನ್ನು ಕೇಳಬೇಕಾಗಿದೆ. ಹೇಗೆ ಕೇಳಿದರೆ ಉಪಯೋಗವಾಗುವ ಉತ್ತರ ಬರುತ್ತದೆ?

ಉತ್ತರ: ನೀವು ನಂಬರ್ ಕೇಳಿದಿರಿ, ಗುಂಪು ನಂಬರನ್ನೇ ಕೊಟ್ಟಿತು. ತೊಡಕು ಇರುವುದು “ಒಳ್ಳೆ” ಎಂಬ ಮಾತಿನಲ್ಲಿ. ಕರೆದ ಗಳಿಗೆಗೆ ಬರುವವನು ಒಬ್ಬರ ಪಾಲಿಗೆ ಒಳ್ಳೆಯವನು, ಕಡಿಮೆ ದುಡ್ಡು ಕೇಳುವವನು ಇನ್ನೊಬ್ಬರ ಪಾಲಿಗೆ ಒಳ್ಳೆಯವನು, ಮತ್ತೊಬ್ಬರಿಗೆ ತಮ್ಮ ಹಳೆಯ ಬಾಡಿಗೆದಾರನ ತಮ್ಮನೇ ಒಳ್ಳೆಯವನು. ನಾನು ನೀರು ಪೂರೈಕೆಯ ಕೆಲಸದಲ್ಲಿ ಬಹಳ ವರ್ಷ ಇದ್ದು ನಿವೃತ್ತನಾದವನು. ಜೇವರ್ಗಿ ರಸ್ತೆಯ ಕಡೆಯ ನಮ್ಮ ಬಡಾವಣೆಯ ಗುಂಪನ್ನೂ ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಕಂಡಂತೆ, ಓದುವವರಿಗೆ ತಮ್ಮ ಮನೆಯಲ್ಲಿ ಹಿಂದೆ ನಡೆದದ್ದೊಂದು ನೆನಪಾಗುವ ಹಾಗೆ ಕೇಳಿದ ಪ್ರಶ್ನೆಗೆ ಅನುಭವ ಉತ್ತರವಾಗಿ ಬರುತ್ತದೆ, ಏನೂ ನೆನಪಾಗದ ಹಾಗೆ ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಸಿಕ್ಕ ಮೊದಲ ನಂಬರು ಬರುತ್ತದೆ.

ಪ್ಲಂಬರ್ ವಿಷಯದಲ್ಲಿ ನೆರೆಯವರ ನೆನಪಿಗೆ ಒಂದು ವಿಶೇಷ ಬೆಲೆಯಿದೆ. ಒಂದೇ ಬಡಾವಣೆಯ ಮನೆಗಳು ಹೆಚ್ಚಾಗಿ ಐದಾರು ವರ್ಷಗಳ ಅಂತರದಲ್ಲಿ ಎದ್ದಿರುತ್ತವೆ, ಅನೇಕವನ್ನು ಅವರೇ ಇಬ್ಬರು ಮೂವರು ಗುತ್ತಿಗೆದಾರರು ಕಟ್ಟಿರುತ್ತಾರೆ, ಗೋಡೆಯೊಳಗಿನ ಪೈಪನ್ನು ಒಂದೇ ರೀತಿಯಲ್ಲಿ ಎಳೆದಿರುತ್ತಾರೆ. ನಮ್ಮ ಭಾಗದ ಬೋರಿನ ನೀರು ಗಡಸು. ಗೀಜರಿನ ಕಾಯಿಲ್‌ಗೆ ಕಟ್ಟುವ ಬಿಳಿ ಪೊರೆ, ನಳದ ವಾಷರ್ ಬೇಗ ಹೋಗುವುದು, ಫ್ಲಶ್ ಟ್ಯಾಂಕಿನ ವಾಲ್ವ್ ಸರಿಯಾಗಿ ಕೂರದಿರುವುದು ಇವೆಲ್ಲ ಬೋರಿನ ನೀರು ಬಳಸುವ ಸಾಲುಮನೆಗಳಲ್ಲಿ ಒಂದೇ ಕಾಲಕ್ಕೆ ಆಗುವ ತೊಂದರೆಗಳು. ಹೀಗಾಗಿ ನಿಮ್ಮ ಗೋಡೆಗೆ ಇಂದು ಬಂದದ್ದು ಮೂರು ಮನೆ ಆಚೆಯವರಿಗೆ ಎರಡು ವರ್ಷದ ಹಿಂದೆಯೇ ಬಂದಿರುವ ಸಂಭವ ಬಹಳ. ಅವರು ಗುಂಪಿನಲ್ಲಿದ್ದಾರೆ, ನಿಮ್ಮ ಸಂದೇಶವನ್ನು ಓದಿಯೂ ಇರುತ್ತಾರೆ, ಆದರೆ “ಒಳ್ಳೆ ಪ್ಲಂಬರ್” ಎಂಬುದನ್ನು ಓದಿದಾಗ ಅವರಿಗೆ ತಮ್ಮ ಗೋಡೆ ನೆನಪಾಗಲಿಲ್ಲ.

ಆದ್ದರಿಂದ ಬರೆಯುವ ಮೊದಲು ಗೋಡೆಯ ಬಗ್ಗೆ ಒಂದೆರಡು ಸಂಗತಿಗಳನ್ನು ನೀವೇ ತಿಳಿದುಕೊಳ್ಳಬೇಕು. ಒದ್ದೆ ಗೋಡೆಗೆ ಮುಖ್ಯವಾಗಿ ಮೂರು ಮೂಲಗಳಿರುತ್ತವೆ. ಸದಾ ಒತ್ತಡದಲ್ಲಿರುವ ತಣ್ಣೀರಿನ ಪೈಪು ಒಂದು, ಗೀಜರಿನಿಂದ ನಳಕ್ಕೆ ಬರುವ ಬಿಸಿನೀರಿನ ಪೈಪು ಇನ್ನೊಂದು, ನೆಲದ ಜಾಲಿ, ಅದರ ಕೆಳಗಿನ ಟ್ರ್ಯಾಪ್ ಮತ್ತು ಟೈಲ್ಸ್ ಸಂದುಗಳು ಸೇರಿದ ಹೊರಹೋಗುವ ನೀರಿನ ದಾರಿ ಮೂರನೆಯದು. ಈ ಮೂರರ ದುರಸ್ತಿ ಬೇರೆ ಬೇರೆ, ಖರ್ಚು ಬೇರೆ, ಅದರಲ್ಲಿ ಕೈ ಪಳಗಿದವರೂ ಬೇರೆಯವರೇ. ಟೈಲ್ಸ್ ಸಂದು ತುಂಬುವ ಕೆಲಸಕ್ಕೆ ಪ್ಲಂಬರ್ ಬೇಕಾಗಿಲ್ಲ, ಟೈಲ್ಸ್ ಮೇಸ್ತ್ರಿ ಸಾಕು. ಮೂಲ ಯಾವುದೆಂದು ಗೊತ್ತಿಲ್ಲದ ಪ್ಲಂಬರ್‌ಗೆ ಗೋಡೆ ಪೂರ್ತಿ ಒಡೆಯುವುದೇ ಸುಲಭದ ಉತ್ತರ. ನಿಮ್ಮಲ್ಲಿಗೆ ಬಂದವರೂ ಅದನ್ನೇ ಹೇಳಿದಂತೆ ಕಾಣುತ್ತದೆ.

ಮೊದಲ ಪರೀಕ್ಷೆಯನ್ನು ರಾತ್ರಿ ಮಾಡಬೇಕು. ಎಲ್ಲರ ಕೆಲಸ ಮುಗಿದ ಮೇಲೆ ಮಾಳಿಗೆಯ ಟ್ಯಾಂಕನ್ನು ತುಂಬಿಸಿ ಮೋಟಾರು ನಿಲ್ಲಿಸಿ, ಮನೆಯ ಎಲ್ಲ ನಳಗಳನ್ನೂ ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಆ್ಯಂಗಲ್ ಕಾಕನ್ನೂ ಮುಚ್ಚಿ. ಫ್ಲಶ್ ಟ್ಯಾಂಕನ್ನು ಮರೆತರೆ ಅದರ ಸಣ್ಣ ಸೋರಿಕೆಯೇ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಒಣ ಕೋಲೊಂದನ್ನು ಟ್ಯಾಂಕಿನ ತಳ ಮುಟ್ಟುವಂತೆ ನೆಟ್ಟಗೆ ಇಳಿಸಿ, ನೀರು ಎಲ್ಲಿಯವರೆಗೆ ತಾಗಿತೋ ಅಲ್ಲಿ ಗುರುತು ಮಾಡಿ. ಬೆಳಿಗ್ಗೆ ಯಾರೂ ನಳ ತಿರುಗಿಸುವ ಮೊದಲು ಅದೇ ಜಾಗದಲ್ಲಿ ಮತ್ತೆ ಇಳಿಸಿ ನೋಡಿ. ಸಾವಿರ ಲೀಟರಿನ ದುಂಡು ಟ್ಯಾಂಕಿನ ಅಡ್ಡಳತೆ ಸುಮಾರು ಒಂದು ಮೀಟರ್ ಇದ್ದರೆ, ಮಟ್ಟ ಒಂದು ಸೆಂಟಿಮೀಟರ್ ಇಳಿಯುವುದೆಂದರೆ ಹತ್ತಿರ ಹತ್ತಿರ 8 ಲೀಟರ್ ನೀರು ಹೋಯಿತೆಂದು ಅರ್ಥ. ಮಟ್ಟ ಇಳಿದಿದ್ದರೆ ಸೋರುತ್ತಿರುವುದು ಒತ್ತಡದ ಪೈಪು. ಇಳಿಯದಿದ್ದರೆ ಅದು ಖಂಡಿತ ಅಲ್ಲ ಎಂದು ಮಾತ್ರ ಹೇಳಲಾಗದು, ಏಕೆಂದರೆ ಇಡೀ ರಾತ್ರಿಗೆ ಒಂದೆರಡು ಲೀಟರಿನ ಜಿನುಗುವಿಕೆ ಕೋಲಿನ ಗುರುತಿನಲ್ಲಿ ಕಾಣಿಸುವುದಿಲ್ಲ.

ಎರಡನೆಯದಕ್ಕೆ ತಾಳ್ಮೆ ಬೇಕು. ಎರಡು ಮೂರು ದಿನ ಗೀಜರಿಗೆ ನೀರು ಹೋಗುವ ಕಾಕನ್ನು ಮುಚ್ಚಿ, ಅದರ ಸ್ವಿಚ್ಚನ್ನೂ ಆರಿಸಿ, ಬಕೆಟ್ಟಿನಲ್ಲಿ ಬೇರೆ ಕಡೆ ಕಾಯಿಸಿದ ನೀರಿನಿಂದ ಅದೇ ಸ್ನಾನದ ಮನೆಯಲ್ಲಿ ಸ್ನಾನ ಮಾಡಿ. ಒದ್ದೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದರೆ ಅದು ಹಿಂದೆ ಸರಿಯಿತೇ ಎಂಬುದು ಕಣ್ಣಿಗೇ ಕಾಣುತ್ತದೆ. ಸರಿದರೆ ಅನುಮಾನ ಬಿಸಿನೀರಿನ ಪೈಪಿನ ಮೇಲೆ. ಸರಿಯದಿದ್ದರೆ ಮುಂದಿನ ಮೂರು ದಿನ ಗೀಜರನ್ನು ಎಂದಿನಂತೆ ಇಟ್ಟು ಆ ಸ್ನಾನದ ಮನೆಯನ್ನೇ ಬಳಸಬೇಡಿ. ಆಗ ಒಣಗತೊಡಗಿದರೆ ಜಾಲಿ, ಟ್ರ್ಯಾಪ್ ಅಥವಾ ಟೈಲ್ಸ್ ಸಂದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಗೋಡೆ ಹೊರಗಿನಿಂದ ತಾನಾಗಿಯೇ ಒಣಗಿ ಮೋಸ ಮಾಡುವುದುಂಟು, ಆ ತಿಂಗಳುಗಳಲ್ಲಿ ಕೋಣೆಯ ಒಳಬದಿಯ ಗೆರೆಯನ್ನು ಮಾತ್ರ ನಂಬಿ. ಒದ್ದೆಯ ಹತ್ತಿರ ಸ್ವಿಚ್ ಬೋರ್ಡ್ ಇದ್ದರೆ ಈ ಪರೀಕ್ಷೆಗಳಿಗೆಲ್ಲ ಮುಂಚೆ ಆ ಸಾಲಿನ ಎಂಸಿಬಿ ಆರಿಸಬೇಕು. ಅಂಥ ಮನೆಗೆ ಪ್ಲಂಬರ್‌ಗಿಂತ ಮೊದಲು ಎಲೆಕ್ಟ್ರಿಷಿಯನ್ ಬರಬೇಕು.

ಇಷ್ಟಾದ ಮೇಲೆ ಗುಂಪಿನಲ್ಲಿ ಹಳೆಯ ಸಂದೇಶಗಳನ್ನು ಹುಡುಕಿ ನೋಡಿ. ಹೆಚ್ಚಿನವರು ಈ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಹುಡುಕುವಾಗ ‘ಪ್ಲಂಬರ್’ ಎಂದು ಒಮ್ಮೆ, plumber ಎಂದು ಒಮ್ಮೆ, plumbar ಎಂದು ಇನ್ನೊಮ್ಮೆ ಟೈಪ್ ಮಾಡಿ, ಏಕೆಂದರೆ ನಮ್ಮವರು ಮೂರೂ ಬಗೆಯಲ್ಲಿ ಬರೆಯುತ್ತಾರೆ. ಅಲ್ಲಿ ಒಂದೇ ಹೆಸರು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಜನರ ಬಾಯಲ್ಲಿ ಬಂದಿದ್ದರೆ ಅದಕ್ಕೆ ಬೆಲೆಯಿದೆ. ಒಬ್ಬರೇ ಪ್ರತಿ ಸಲವೂ ಅದೇ ನಂಬರನ್ನು ಹಾಕುತ್ತಿದ್ದರೆ ಅದು ಶಿಫಾರಸ್ಸಲ್ಲ, ಜಾಹೀರಾತು.

ನಿಮ್ಮ ಸಂದೇಶ ಸುಮಾರು ಹೀಗಿದ್ದರೆ ಸಾಕು:

“ನಮಸ್ಕಾರ. ಎರಡನೇ ಕ್ರಾಸಿನ ಮನೆ, 2012ರ ಕಟ್ಟಡ, ಬೋರ್ ನೀರು. ಸ್ನಾನದ ಮನೆಯ ಹಿಂಬದಿಯ ಕೋಣೆಯ ಗೋಡೆ ನೆಲದಿಂದ ಎರಡು ಅಡಿ ಎತ್ತರದವರೆಗೆ ಒದ್ದೆ, ಎರಡು ತಿಂಗಳಿಂದ. ಗೀಜರ್ ಬಂದ್ ಇಟ್ಟ ಮೂರು ದಿನ ಒದ್ದೆ ಕಡಿಮೆಯಾಯಿತು, ರಾತ್ರಿ ಟ್ಯಾಂಕಿನ ಮಟ್ಟವೂ ಇಳಿಯಲಿಲ್ಲ. ಬಿಸಿನೀರಿನ ಪೈಪ್ ಇರಬಹುದೆಂದು ಅನುಮಾನ. ಒಬ್ಬರು ಗೋಡೆ ಪೂರ್ತಿ ಒಡೆಯಬೇಕೆಂದಿದ್ದಾರೆ. ಇಂಥದೇ ಕೆಲಸ ನಿಮ್ಮ ಮನೆಯಲ್ಲಿ ಮಾಡಿಸಿದ್ದರೆ ಯಾರಿಂದ, ಯಾವಾಗ, ಎಷ್ಟು ಟೈಲ್ಸ್ ಒಡೆದರು, ಮತ್ತೆ ಸೋರಿತೇ ಎಂದು ದಯವಿಟ್ಟು ತಿಳಿಸಿ. ಶನಿವಾರ ಅಥವಾ ಭಾನುವಾರ ಬಂದರೆ ಅನುಕೂಲ. ನಂಬರನ್ನು ನನಗೆ ಪರ್ಸನಲ್ ಆಗಿ ಕಳಿಸಿದರೂ ಆಗುತ್ತದೆ.”

ಗೀಜರ್ ಬಂದ್ ಇದ್ದಾಗ ಒದ್ದೆ ಕಡಿಮೆಯಾಯಿತು ಎಂಬ ಮಾತೇ ಈ ಸಂದೇಶದ ಜೀವ. ನನ್ನ ಮನೆಯಲ್ಲಿ ಮೂರು ವರ್ಷದ ಹಿಂದೆ ಆದದ್ದು ಇದೇ. ವೃತ್ತಿಯಿಂದ ನೀರಿನ ಕೆಲಸದವನಾದರೂ ರಸ್ತೆಯ ಕೆಳಗಿನ ದೊಡ್ಡ ಪೈಪುಗಳು ನನಗೆ ಗೊತ್ತೇ ಹೊರತು ಸ್ನಾನದ ಮನೆಯ ಗೋಡೆಯೊಳಗಿನದು ಅಷ್ಟಾಗಿ ಗೊತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಮೊದಲು ಬಂದವರು ಒಂದು ಬದಿಯ ಟೈಲ್ಸ್ ಎಲ್ಲ ತೆಗೆಯಬೇಕೆಂದರು. ಗುಂಪಿನಲ್ಲಿ ವಿವರ ಬರೆದ ಅರ್ಧ ಗಂಟೆಯಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು, “ನಮ್ಮನ್ಯಾಗೂ ಹಿಂಗೇ ಆಗಿತ್ತು ನೋಡ್ರಿ. ಗೀಜರ್ ಕೆಳಗಿಂದು ಜೋಡಣಿ ಹೋಗಿತ್ತು, ಒಂದೇ ಟೈಲ್ಸ್ ತಗದು ಮಾಡ್ಯಾರ್ರಿ, ಈಗ ಎರಡು ಮಳಿಗಾಲ ಆತು, ಮತ್ತ ಸೋರಿಲ್ಲ” ಎಂದು ಬರೆದರು. ಅವರ ಪ್ಲಂಬರೇ ಬಂದು ಗೀಜರಿನ ಬಿಸಿನೀರಿನ ಪೈಪು ಗೋಡೆಯೊಳಗೆ ಹೋಗುವ ಜಾಗದ ಒಂದು ಟೈಲ್ಸನ್ನಷ್ಟೇ ಕತ್ತರಿಸಿ ತೆಗೆದರು. ಹಿತ್ತಾಳೆಯ ಥ್ರೆಡ್ ಇರುವ ಸಿಪಿವಿಸಿ ಜೋಡಣೆಯಲ್ಲಿ ಕೂದಲೆಳೆಯಂಥ ಬಿರುಕಿತ್ತು. ಬಿಸಿನೀರು ಬಂದಾಗಲೆಲ್ಲ ಪ್ಲಾಸ್ಟಿಕ್ ಹಿಗ್ಗುತ್ತದೆ, ಹಿತ್ತಾಳೆ ಅಷ್ಟು ಹಿಗ್ಗುವುದಿಲ್ಲ, ಅದರ ಮೇಲೆ ಕೂಡಿಸುವಾಗ ಪಾನಾ ಹಾಕಿ ಅತಿಯಾಗಿ ಬಿಗಿದಿದ್ದರೆ ಕೆಲವು ವರ್ಷಗಳಲ್ಲಿ ಅಲ್ಲಿಯೇ ಸೀಳು ಬಿಡುತ್ತದೆ. ಬಿಸಿನೀರಿನ ಸಾಲಿಗೆ ಸಿಪಿವಿಸಿ ಬೇಕು. ತಣ್ಣೀರಿನ ಬಿಳಿ ಯುಪಿವಿಸಿ ಪೈಪನ್ನೇ ಅಲ್ಲಿ ಹಾಕಿದ್ದರೆ ಬಿಸಿಗೆ ಮೆತ್ತಗಾಗಿ ಬೇಗ ಹೋಗುತ್ತದೆ. ಗೀಜರ್ ಹತ್ತಿರ ಹೊರಗೆ ಕಾಣುವ ಪೈಪಿನ ಮೇಲೆ ಮುದ್ರಿಸಿದ ಅಕ್ಷರಗಳ ಫೋಟೋವನ್ನೂ ಸಂದೇಶದ ಜೊತೆ ಹಾಕಿದರೆ ತಿಳಿದವರು ಅದನ್ನು ನೋಡಿಯೇ ಹೇಳುತ್ತಾರೆ. ಫೋಟೋ ಎರಡು ಸಾಕು, ಒಂದು ಗೋಡೆ ಪೂರ್ತಿ ಕಾಣುವಂತೆ ದೂರದಿಂದ, ಇನ್ನೊಂದು ಒದ್ದೆಯ ಪಕ್ಕ ಕೈ ಇಟ್ಟು ಅಳತೆ ತಿಳಿಯುವಂತೆ ಹತ್ತಿರದಿಂದ.

ಯಾವ ನೀರು ಎಂಬುದನ್ನು ಬರೆಯಲು ಇನ್ನೊಂದು ಕಾರಣವಿದೆ. ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ಪ್ರಾಯೋಗಿಕವಾಗಿ ಆರಂಭವಾದ ವ್ಯವಸ್ಥೆಯಂತೆ ದಿನವಿಡೀ ಒತ್ತಡದ ನೀರು ಬರುತ್ತದೆ, ಅನೇಕ ಕಡೆ ನಳದ ನೀರು ಕೆಲವು ದಿನಕ್ಕೊಮ್ಮೆ ಬಂದು ಸಂಪಿಗೆ ಬೀಳುತ್ತದೆ. ಸಂಪಿನ ಅಥವಾ ನಳದ ಸಾಲಿನ ಕೆಲಸವಾದರೆ “ನೀರು ಬರುವ ದಿನ ಇಂಥದು” ಎಂದು ಸಂದೇಶದಲ್ಲಿ ಹೇಳಲೇಬೇಕು. ಸಂಪಿನ ಬಿರುಕು ನೋಡುವವರು ನೀರು ಬರುವ ಹಿಂದಿನ ದಿನ ಬರಬೇಕು, ಆಗ ಸಂಪು ಖಾಲಿಯಾಗಿರುತ್ತದೆ. ನಳದ ಸಾಲಿನ ಸೋರಿಕೆ ಹುಡುಕುವವರು ನೀರು ಬರುವ ದಿನವೇ ಬರಬೇಕು, ಇಲ್ಲದಿದ್ದರೆ ಪೈಪಿನಲ್ಲಿ ಒತ್ತಡವೇ ಇರುವುದಿಲ್ಲ. ರಸ್ತೆಯ ಮುಖ್ಯ ಪೈಪಿನಿಂದ ಮೀಟರಿನವರೆಗಿನ ಭಾಗದಲ್ಲಿ ಸೋರಿದರೆ ಅದು ಗುಂಪಿನಲ್ಲಿ ಕೇಳುವ ಕೆಲಸವೇ ಅಲ್ಲ. ನೀರು ಪೂರೈಸುವವರಿಗೆ ದೂರು ಕೊಡಬೇಕು, ಖಾಸಗಿ ಪ್ಲಂಬರ್ ಅಲ್ಲಿ ಕೈ ಹಾಕಕೂಡದು.

ಬರೆಯಬಾರದ ಒಂದೆರಡು ಸಂಗತಿಗಳಿವೆ. “ಮಧ್ಯಾಹ್ನ ಅತ್ತೆ ಒಬ್ಬರೇ ಇರುತ್ತಾರೆ, ಯಾವಾಗ ಬೇಕಾದರೂ ಬರಲಿ” ಎಂಬ ಸಂದೇಶವನ್ನು ನಮ್ಮ ಗುಂಪಿನಲ್ಲಿ ನಾನೇ ಎರಡು ಸಲ ಅಳಿಸಿಸಿದ್ದೇನೆ. ನೂರಾರು ಜನರಿರುವ ಗುಂಪಿನಲ್ಲಿ ಮನೆ ಬಿಟ್ಟುಹೋದ ಬಾಡಿಗೆದಾರರೂ ಯಾರೆಂದು ಯಾರಿಗೂ ತಿಳಿಯದ ನಂಬರುಗಳೂ ಇರುತ್ತವೆ. ಕ್ರಾಸ್ ಹೇಳಿದರೆ ಸಾಕು, ಮನೆಯ ನಂಬರು ಪ್ಲಂಬರ್‌ಗೆ ಮಾತ್ರ ತಿಳಿಯಲಿ. ಧ್ವನಿ ಸಂದೇಶವೂ ಬೇಡ, ಎರಡು ನಿಮಿಷದ ಧ್ವನಿಯನ್ನು ಕೆಲಸದ ನಡುವೆ ಯಾರೂ ಕೇಳುವುದಿಲ್ಲ, ಮುಂದೆ ಹುಡುಕಿದರೆ ಅದು ಸಿಗುವುದೂ ಇಲ್ಲ. ನಮ್ಮೂರಿನ ಗುಂಪುಗಳಲ್ಲಿ ಕನ್ನಡ ಮಾತನಾಡಲು ಬಂದರೂ ಓದಲು ಬಾರದ ಉರ್ದು, ಮರಾಠಿ, ತೆಲುಗು ಮನೆಮಾತಿನವರು ಬಹಳ. ಕೊನೆಗೆ ಒಂದು ಸಾಲು ಹಿಂದಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ ಉತ್ತರ ಕೊಡುವವರ ಸಂಖ್ಯೆ ಹೆಚ್ಚುತ್ತದೆ. ಪ್ಲಂಬರುಗಳನ್ನು ಚೆನ್ನಾಗಿ ಬಲ್ಲವರು ಅನೇಕ ಸಲ ಅವರಲ್ಲಿಯೇ ಇರುತ್ತಾರೆ.

ಬಂದ ಉತ್ತರಗಳನ್ನು ಜರಡಿ ಹಿಡಿಯುವುದು ಕಷ್ಟವಲ್ಲ. ಬರಿಯ ನಂಬರ್ ಕಳಿಸಿದವರಿಗೆ “ನಿಮ್ಮ ಮನೆಯಲ್ಲಿ ಏನು ಕೆಲಸ ಮಾಡಿದ್ದರು, ಯಾವಾಗ?” ಎಂದು ಒಂದು ಸಾಲು ಬರೆಯಿರಿ. ಉತ್ತರ ಬಂದರೆ ಅದು ಅನುಭವ, ಬಾರದಿದ್ದರೆ ಆ ನಂಬರನ್ನು ಕೊನೆಗಿಡಿ. ಹಾರ್ಡ್‌ವೇರ್ ಅಂಗಡಿಯಿಂದ ಸಿಕ್ಕ ಹೆಸರನ್ನು ತಳ್ಳಿಹಾಕಬೇಕಾಗಿಲ್ಲ, ಆದರೆ ಸಾಮಾನು ಅದೇ ಅಂಗಡಿಯಿಂದಲೇ ಬರುತ್ತದೆ ಎಂಬುದು ನೆನಪಿರಲಿ. ಕೂಲಿ ಎಷ್ಟು, ಸಾಮಾನು ಎಷ್ಟು ಎಂದು ಬೇರೆ ಬೇರೆಯಾಗಿ ಮೊದಲೇ ಮಾತಾಡಿ, ಸಾಮಾನಿನ ಬಿಲ್ಲನ್ನು ನಿಮ್ಮ ಹೆಸರಿಗೆ ಕೇಳಿ. ಫೋನಿನಲ್ಲಿ “ಎಷ್ಟಾಗುತ್ತದೆ?” ಎಂದು ಕೇಳುವುದಕ್ಕಿಂತ “ಒಡೆಯುವ ಮೊದಲು ಎಲ್ಲಿ ಸೋರುತ್ತಿದೆ ಎಂದು ಹೇಗೆ ನೋಡುತ್ತೀರಿ?” ಎಂದು ಕೇಳಿ. ಬಲ್ಲವರು ಗೀಜರಿನ ಕಾಕ್ ಮುಚ್ಚಿ ನೋಡುವ ಮಾತನ್ನೋ ಪೈಪಿಗೆ ಪಂಪಿನಿಂದ ಒತ್ತಡ ಕೊಟ್ಟು ನೋಡುವ ಮಾತನ್ನೋ ತಾವಾಗಿಯೇ ಆಡುತ್ತಾರೆ. ಕೆಲಸ ಮುಗಿದ ಮೇಲೆ ಹೊಸ ಟೈಲ್ಸ್ ಕೂಡಿಸುವ ಅವಸರ ಬೇಡ. ಪೈಪನ್ನು ತೆರೆದಿಟ್ಟು, ಅಂಟು ಒಣಗಲು ಅದರ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾದು, ಒಂದು ದಿನ ಗೀಜರ್ ಓಡಿಸಿ ನೋಡಿದ ನಂತರ ಮುಚ್ಚಿಸಿ.

ಇನ್ನು ಅತ್ತೆಯವರ ಮೊಣಕಾಲಿಗೆ ಬರೋಣ. ಗೋಡೆ ಮತ್ತೆ ಸೋರಿತೇ ಎಂದು ನೆರೆಯವರು ಖಚಿತವಾಗಿ ಹೇಳಬಲ್ಲರು. ವೈದ್ಯರು ರೋಗವನ್ನು ಸರಿಯಾಗಿ ಗುರುತಿಸಿದರೇ ಎಂಬುದನ್ನು ಮಾತ್ರ ಅವರು ಹೇಳಲಾರರು, ಹೇಳಿದರೂ ಅದರ ಮೇಲೆ ಭಾರ ಹಾಕಬಾರದು. ಅವರ ಮಾವನಿಗೆ ವಾಸಿಯಾದದ್ದು ಬೇರೆ ನೋವು ಇದ್ದೀತು. ನೆರೆಯವರು ಬಲ್ಲದ್ದೆಂದರೆ ಎಷ್ಟು ಹೊತ್ತು ಕಾಯಬೇಕು, ವೈದ್ಯರು ಕಾಲು ಮುಟ್ಟಿ ನೋಡುತ್ತಾರೆಯೇ ಅಥವಾ ಎಕ್ಸ್-ರೇ ಮಾತ್ರ ನೋಡುತ್ತಾರೆಯೇ, ಮುದುಕರ ಮಾತನ್ನು ಪೂರ್ತಿ ಕೇಳುತ್ತಾರೆಯೇ, ಯಾವ ಪರೀಕ್ಷೆ ಏಕೆಂದು ಬಿಡಿಸಿ ಹೇಳುತ್ತಾರೆಯೇ, ದವಾಖಾನೆಗೆ ಮೆಟ್ಟಿಲೇ ಲಿಫ್ಟೇ, ಯಾವ ದಿನ ಇರುತ್ತಾರೆ, ಫೀ ಎಷ್ಟು ಎಂಬಂಥವು. ಇವನ್ನೇ ಕೇಳಿ. ಮೊಣಕಾಲು ನೋವಿನವರಿಗೆ ಎರಡನೇ ಮಹಡಿಯ ಲಿಫ್ಟಿಲ್ಲದ ದವಾಖಾನೆಯ ಹೆಸರು ಸಿಕ್ಕರೆ ಆ ಶಿಫಾರಸ್ಸು ಉಪಯೋಗಕ್ಕೆ ಬಾರದು, ಅದೂ ನಮ್ಮ ಗುಂಪಿನಲ್ಲಿ ಆದದ್ದೇ.

ಕೇಳುವ ಮೊದಲು ಇದು ಕಾಯಬಹುದಾದ ನೋವೇ ಎಂದು ನೋಡಿಕೊಳ್ಳಬೇಕು. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಅಥವಾ ಮೊಣಕಾಲು ಕೆಂಪಾಗಿ ಬಿಸಿಯಾಗಿ ಊದಿ ಜ್ವರವೂ ಇದ್ದರೆ, ಗುಂಪಿನ ಉತ್ತರಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ತಾವಾಗಿ ಕರೆದೊಯ್ಯಲಾಗದಿದ್ದರೆ 108ಕ್ಕೆ ಕರೆ ಮಾಡಿ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೀಲುಗಳು ಬಿಗಿದಿದ್ದು ಕೈಬೆರಳ ಸಣ್ಣ ಕೀಲುಗಳೂ ನೋಯುತ್ತಿದ್ದರೆ ಮೂಳೆ ತಜ್ಞರಿಗಿಂತ ಮೊದಲು ಫಿಜಿಷಿಯನ್, ಅಂದರೆ ಎಂ.ಡಿ. ಮೆಡಿಸಿನ್ ಆದವರನ್ನು ಕಾಣುವುದು ಸರಿ. ಸಂದೇಶದಲ್ಲಿಯೂ ಅವರನ್ನೇ ಕೇಳಬೇಕು. ವರ್ಷಗಳಿಂದ ನಿಧಾನವಾಗಿ ಹೆಚ್ಚುತ್ತಾ ಬಂದು, ಮೆಟ್ಟಿಲು ಹತ್ತಿಳಿಯುವಾಗ ಕಾಡುವ ನೋವಾದರೆ ಮೂಳೆ ಮತ್ತು ಕೀಲು ತಜ್ಞರನ್ನು ಕೇಳಿ.

ಹೀಗೆ ಬರೆಯಬಹುದು: “ಮನೆಯ ಹಿರಿಯರೊಬ್ಬರಿಗೆ, ಎಪ್ಪತ್ತರ ಹತ್ತಿರದ ವಯಸ್ಸು, ಎರಡು ವರ್ಷದಿಂದ ಮೊಣಕಾಲು ನೋವು, ಬಿದ್ದ ಪೆಟ್ಟಲ್ಲ. ಮೂಳೆ ತಜ್ಞರು ಬೇಕು. ಕನ್ನಡದಲ್ಲಿ ಮಾತಾಡಿಸಬೇಕು, ಮೆಟ್ಟಿಲು ಹತ್ತಲು ಆಗುವುದಿಲ್ಲ, ಸಂಜೆಯ ಹೊತ್ತು ಅನುಕೂಲ. ನಿಮ್ಮ ಮನೆಯವರನ್ನು ಕಳೆದ ಒಂದೆರಡು ವರ್ಷದಲ್ಲಿ ತೋರಿಸಿದ್ದರೆ ಯಾರಲ್ಲಿ, ಎಷ್ಟು ಹೊತ್ತು ಕಾದಿರಿ, ವಿಷಯ ಬಿಡಿಸಿ ಹೇಳಿದರೇ ಎಂದು ತಿಳಿಸಿ. ಔಷಧ, ಎಣ್ಣೆ, ಪುಡಿಯ ಹೆಸರು ದಯವಿಟ್ಟು ಬೇಡ.”

“ಹಿರಿಯರೊಬ್ಬರು” ಎಂದರೆ ಸಾಕು, ಹೆಸರು ಬೇಡ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಬಿಪಿ ಅಥವಾ ಕಿಡ್ನಿಯ ತೊಂದರೆ ಇದ್ದರೆ ಅದನ್ನು ಹೇಳಬೇಕಾದ ಜಾಗ ವೈದ್ಯರ ಮೇಜು. ಕೆಲವು ನೋವಿನ ಗುಳಿಗೆಗಳು ಕಿಡ್ನಿಗೆ ತೊಂದರೆ ಕೊಡುವುದರಿಂದ ಅಲ್ಲಿ ಮರೆಯದೆ ಹೇಳಬೇಕು, ಗುಂಪಿನಲ್ಲಿ ಅದರ ಅಗತ್ಯವಿಲ್ಲ. ರಿಪೋರ್ಟಿನ ಫೋಟೋ ಹಾಕಿದರೆ ಹೆಸರು, ವಯಸ್ಸು, ಲ್ಯಾಬಿನ ನಂಬರು ಎಲ್ಲ ಒಟ್ಟಿಗೆ ಹೋಗುತ್ತವೆ, ಆಮೇಲೆ ಅಳಿಸಿದರೂ ಅಷ್ಟರಲ್ಲಿ ಯಾರ ಫೋನಿನಲ್ಲೋ ಉಳಿದಿರುತ್ತವೆ. ಕೊನೆಯ ಸಾಲು ಮಾತ್ರ ಕಟುವಾದರೂ ಇರಲಿ. ಅದಿಲ್ಲದಿದ್ದರೆ ಹತ್ತು ಉತ್ತರಗಳಲ್ಲಿ ಆರು ಯಾವುದೋ ಊರಿನ ಪುಡಿಯನ್ನು ಹೊಗಳುತ್ತವೆ. ಕೀಲುನೋವಿಗೆಂದು ಹೆಸರಿಲ್ಲದೆ ಪೊಟ್ಟಣದಲ್ಲಿ ಕೊಡುವ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಎರಡು ದಿನದಲ್ಲಿ ನೋವು ಮಾಯವಾದದ್ದೇ ಅದರ ಹೊಗಳಿಕೆಗೆ ಕಾರಣ, ಸಕ್ಕರೆ ಏರಿದ್ದು ತಿಂಗಳಾದ ಮೇಲೆ ತಿಳಿಯುತ್ತದೆ.

ಸಿಕ್ಕ ಹೆಸರನ್ನು ನೀವೇ ಒರೆಗೆ ಹಚ್ಚಬೇಕಾದದ್ದು ಒಂದಿದೆ. ಗುಂಪಿನಲ್ಲಿ ಎಲ್ಲರೂ “ಡಾಕ್ಟರ್” ಎಂದೇ ಬರೆಯುತ್ತಾರೆ, ಪದವಿ ಯಾವುದೆಂದು ಯಾರೂ ಬರೆಯುವುದಿಲ್ಲ. ಮೂಳೆ ತಜ್ಞರಾದರೆ ಎಂಬಿಬಿಎಸ್ ನಂತರ ಎಂ.ಎಸ್. ಅಥವಾ ಡಿ.ಎನ್.ಬಿ. ಆರ್ಥೋಪೆಡಿಕ್ಸ್, ಇಲ್ಲವೇ ಡಿಪ್ಲೊಮಾ ಇರುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಅಚ್ಚಾಗಿರಬೇಕು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಖಾಸಗಿ ದವಾಖಾನೆಗಳು ನೋಂದಣಿಯ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಿರಬೇಕು. ಶಿಫಾರಸು ಮಾಡಿದವರನ್ನೇ “ಅವರ ಚೀಟಿ ಇದ್ದರೆ ಮೇಲಿನ ಭಾಗದ ಫೋಟೋ ಮಾತ್ರ ಕಳಿಸುತ್ತೀರಾ? ಔಷಧ ಬರೆದ ಭಾಗ ಬೇಡ” ಎಂದು ಕೇಳಿದರೆ ಪದವಿ, ನೋಂದಣಿ ಸಂಖ್ಯೆ, ಸಮಯ, ಫೋನ್ ಎಲ್ಲ ಒಂದೇ ಫೋಟೋದಲ್ಲಿ ಸಿಗುತ್ತವೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಚಿಕಿತ್ಸೆ ಮಾಡಿಸುವ ಯೋಚನೆಯಿದ್ದರೆ ಪ್ರಶ್ನೆಯೇ ಬದಲಾಗುತ್ತದೆ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಆಗ “ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ಹೊರರೋಗಿ ಚೀಟಿಗೆ ಎಷ್ಟು ಗಂಟೆಗೆ ಹೋಗಬೇಕು, ಗಾಲಿಕುರ್ಚಿ ಎಲ್ಲಿ ಸಿಗುತ್ತದೆ, ರೆಫರಲ್ ಕಾಗದ ಯಾರು ಕೊಡುತ್ತಾರೆ?” ಎಂದು ಕೇಳಿ. ಇತ್ತೀಚೆಗೆ ಅಲ್ಲಿ ಓಡಾಡಿದವರು ಪ್ರತಿ ಓಣಿಯಲ್ಲೂ ಒಬ್ಬರಾದರೂ ಇರುತ್ತಾರೆ. ಶಸ್ತ್ರಚಿಕಿತ್ಸೆಯ ಮಾತು ಬಂದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವ ಯೋಚನೆ ಎದ್ದರೆ ಅದನ್ನು ಈ ಸಂದೇಶದಲ್ಲಿ ಬೆರೆಸಬೇಡಿ. ಮೊದಲು ಇಲ್ಲಿಯ ತಜ್ಞರೊಬ್ಬರು ಕಾಲು ನೋಡಿ ಹೇಳಲಿ, ಎರಡನೇ ಅಭಿಪ್ರಾಯವನ್ನು ಆಮೇಲೆ ಬೇರೆಯಾಗಿ ಕೇಳಿ.

ಎರಡು ಪ್ರಶ್ನೆಗಳನ್ನೂ ಒಂದೇ ದಿನ ಹಾಕಬೇಡಿ, ಗೋಡೆಯ ಉತ್ತರಗಳೊಳಗೆ ಮೊಣಕಾಲಿನ ಉತ್ತರಗಳು ಸೇರಿ ಯಾರಿಗೂ ದಾರಿ ತಿಳಿಯುವುದಿಲ್ಲ. ಜನರು ಊಟಕ್ಕೆ ಮುಂಚೆ ಫೋನ್ ಹಿಡಿಯುವ ಸಂಜೆ ಏಳರಿಂದ ಒಂಬತ್ತರ ನಡುವೆ ಗೋಡೆಯ ವಿಷಯ ಹಾಕಿ. ಕೆಲಸವಾದ ಮೇಲೆ ಅದೇ ಸಂದೇಶಕ್ಕೆ ಉತ್ತರವಾಗಿ, ಯಾರು ಬಂದರು, ಎಲ್ಲಿ ಸೋರುತ್ತಿತ್ತು, ಎಷ್ಟು ಟೈಲ್ಸ್ ಹೋಯಿತು, ಕೂಲಿ ಎಷ್ಟಾಯಿತು ಎಂದು ನಾಲ್ಕು ಸಾಲು ಬರೆದು, ಪ್ಲಂಬರ್‌ರನ್ನು ಕೇಳಿ ಒಪ್ಪಿದರೆ ಅವರ ನಂಬರನ್ನೂ ಸೇರಿಸಿ. ಮೊಣಕಾಲಿನ ಪ್ರಶ್ನೆಯನ್ನು ಅದಾದ ಮರುದಿನ ಹಾಕಿ.